ಅಮ್ಮನಿಗೆ ಲ್ಯಾಪ್‌ಟಾಪ್: ಮೊದಲು ನೋಡಬೇಕಾದ್ದು ಪರದೆ

ಠಾಣೆ, ಡೊಂಬಿವಲಿ, ಕಲ್ಯಾಣ ಕಡೆ ಇರೋ ನಮ್ಮ ಕನ್ನಡದವರಿಂದ ನನಗೆ ಜಾಸ್ತಿ ಬರೋ ಪ್ರಶ್ನೆ ಇದು: "ಮನೇಲಿ ಅಪ್ಪ ಅಮ್ಮ ಇದ್ದಾರೆ, ಅಣ್ಣ ಅಮೆರಿಕಾದಲ್ಲಿ, ಯಾವ ಲ್ಯಾಪ್‌ಟಾಪ್ ಕೊಡಿಸ್ಲಿ?" ನಮ್ಮಂಥವರು ತಕ್ಷಣ ಪ್ರೊಸೆಸರ್ ಕಡೆ ಹೋಗ್ತೀವಿ. ಅದನ್ನ ಬಿಡಿ. 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇದ್ರೆ ವಿಡಿಯೋ ಕಾಲ್‌ಗೆ ಸಾಕು. ದುಡ್ಡು ಹಾಕಬೇಕಾದ್ದು ಪರದೆಗೆ.

ವರ್ತಕ ನಗರದ ಒಂದು ಮನೆಯ ಉದಾಹರಣೆ ತಗೊಳ್ಳೋಣ. ಉಡುಪಿ ಕಡೆಯ ಅಮ್ಮ, ವಯಸ್ಸು 74, ಮಗಳು ನ್ಯೂಜೆರ್ಸಿಯಲ್ಲಿ. 15.6 ಇಂಚಿನ ಹೊಸ ಫುಲ್ ಎಚ್‌ಡಿ ಲ್ಯಾಪ್‌ಟಾಪ್ ತಂದಿದ್ದರು. ಅಮ್ಮ ನೋಡಿ ಹೇಳಿದ್ದು: "ಇರುವೆ ಸಾಲು ಹೋದ ಹಾಗೆ ಕಾಣ್ತದೆ ಮಾರಾಯ." ಅವರ ಮಾತು ಲೆಕ್ಕದ ಪ್ರಕಾರವೂ ಸರಿ. ವಿಂಡೋಸ್ ತನ್ನ ಅಕ್ಷರದ ಅಳತೆಯನ್ನು ಇಂಚಿಗೆ 96 ಚುಕ್ಕೆ ಅಂತ ಇಟ್ಟುಕೊಂಡಿದೆ. ಈ ಪರದೆಯಲ್ಲಿ ಇಂಚಿಗೆ ಸುಮಾರು 141 ಚುಕ್ಕೆ. ಹಾಗಾಗಿ 100% ನಲ್ಲಿ ಅಕ್ಷರ ಇರಬೇಕಾದ್ದರ ಮೂರರಲ್ಲಿ ಎರಡು ಪಾಲು ಮಾತ್ರ. 150% ಇಟ್ಟರೆ ದೊಡ್ಡದಾಗಲ್ಲ, ಅಸಲಿ ಅಳತೆಗೆ ಬರುತ್ತೆ ಅಷ್ಟೆ. ವಯಸ್ಸಾದವರಿಗೆ ಅದಕ್ಕಿಂತ ಮೇಲೆ ಬೇಕು.

ಹಾಗಂತ ನೇರವಾಗಿ 200% ಗೆ ಹೋಗಬೇಡಿ. ಆಗ ಪರದೆಯಲ್ಲಿ ಉಳಿಯೋ ಜಾಗ 960 × 540 ಚುಕ್ಕೆಯ ಪರದೆಯಷ್ಟೇ. ಕೆಲವು ಕಿಟಕಿಗಳ OK ಬಟನ್ ಕೆಳಗೆ, ಪರದೆಯ ಆಚೆ ಹೋಗಿ ಕೂರುತ್ತೆ. ಅಮ್ಮ ಹುಡುಕ್ತಾರೆ, ಸಿಗಲ್ಲ, ಲ್ಯಾಪ್‌ಟಾಪ್ ಮುಚ್ಚಿಡ್ತಾರೆ. ಆ ಮನೆಯಲ್ಲಿ ನಾವು ಮಾಡಿದ್ದು ಎರಡು ಕಡೆ ಹಂಚಿ: Settings > System > Display > Scale ನಲ್ಲಿ 150%, ಆಮೇಲೆ Settings > Accessibility > Text size ನಲ್ಲಿ 130%. ಎರಡನೆಯದು ಬರೀ ಅಕ್ಷರವನ್ನು ಹಿಗ್ಗಿಸುತ್ತೆ, ಉಳಿದದ್ದೆಲ್ಲ ಇದ್ದ ಹಾಗೇ ಇರುತ್ತೆ. ಬ್ರೌಸರ್‌ಗೆ ಬೇರೆ, Ctrl ಒತ್ತಿ + ಒತ್ತಿದ್ರೆ ಆಯ್ತು. ರೆಸಲ್ಯೂಶನ್ ಇಳಿಸೋದು ಮಾತ್ರ ಬೇಡ, ಎಲ್ಲಾ ಮಸುಕಾಗುತ್ತೆ.

ಅಗ್ಗದ 1366 × 768 ಪರದೆಯೂ ಇದಕ್ಕೇ ಬೇಡ ಅನ್ನೋದು. ಇಂಗ್ಲಿಷ್ ಹೇಗೋ ಓದಬಹುದು. ನಮ್ಮ ಒತ್ತಕ್ಷರ ನೋಡಿ, "ಜ್ಯೋತ್ಸ್ನಾ" ಅಂತ ಬಂದ್ರೆ ಕೆಳಗಿನ ಒತ್ತುಗಳಿಗೆ ಚುಕ್ಕೆಗಳೇ ಸಾಲಲ್ಲ, ಕಲೆಸಿಹೋಗುತ್ತೆ. ಅಂಗಡಿಗೆ ಅಮ್ಮನನ್ನೇ ಕರ್ಕೊಂಡು ಹೋಗಿ. ಕನ್ನಡ ಪೇಪರಿನ ಪುಟ ತೆರೆದು, ಎರಡಡಿ ದೂರ ಕೂರಿಸಿ, ಗಟ್ಟಿಯಾಗಿ ಓದಿಸಿ. ಪರದೆ ಹೊಳೆಯದ ಮ್ಯಾಟ್ ಆಗಿರಲಿ, ಬಾಲ್ಕನಿ ಬೆಳಕು ಅದರಲ್ಲಿ ಕನ್ನಡಿ ಥರ ಬೀಳಬಾರದು.

ಈಗ ಕಾಲ್. ಕ್ಯಾಮೆರಾ ಕಣ್ಣಿನ ಎತ್ತರಕ್ಕೆ ಬರಲಿ ಅಂತ ಲ್ಯಾಪ್‌ಟಾಪ್ ಕೆಳಗೆ ಪುಸ್ತಕ ಪೇರಿಸ್ತೀವಲ್ಲ, ಬೈಫೋಕಲ್ ಕನ್ನಡಕದವರಿಗೆ ಅದು ಕಷ್ಟ. ಓದೋ ಗಾಜು ಕೆಳಭಾಗದಲ್ಲಿ ಇರುತ್ತೆ, ಪರದೆ ಮೇಲೆ ಹೋದಷ್ಟೂ ಅವರು ಗಲ್ಲ ಎತ್ತಿ ನೋಡ್ತಾರೆ, ಅರ್ಧ ಗಂಟೇಲಿ ಕತ್ತು ನೋವು. ಮೇಜಿನ ಮೇಲೇ ಇಟ್ಟು ಪರದೆ ಸ್ವಲ್ಪ ಹಿಂದೆ ಬಾಗಿಸಿ. ಮಗಳಿಗೆ ಅಮ್ಮನ ಜೊತೆ ಸೀಲಿಂಗ್ ಫ್ಯಾನೂ ಕಂಡರೆ ಕಾಣಲಿ ಬಿಡಿ.

ವಾಟ್ಸಾಪ್ ಅವರ ಫೋನಿನಲ್ಲಿ ಈಗಾಗಲೇ ಇದೆ, ಹೊಸ ಆ್ಯಪ್ ಕಲಿಸಬೇಡಿ. ವಿಂಡೋಸ್‌ನ ವಾಟ್ಸಾಪ್ ಹಾಕಿ, ಫೋನಿನ Linked devices ನಿಂದ ಕ್ಯೂಆರ್ ಸ್ಕ್ಯಾನ್ ಮಾಡಿ, Settings > Apps > Startup ನಲ್ಲಿ ಆನ್ ಮಾಡಿಡಿ. ಒಂದು ಮಾತು: ಆ ಫೋನನ್ನು 14 ದಿನ ಬಳಸದೇ ಇದ್ದರೆ ಲ್ಯಾಪ್‌ಟಾಪ್ ತಾನೇ ಲಾಗೌಟ್ ಆಗುತ್ತೆ. ಊರಿಗೆ ಹೋಗಿ ಫೋನ್ ಆಫ್ ಇಟ್ಟವರಿಗೆ ಇದು ಗೊತ್ತಿರಲಿ. ಲ್ಯಾಪ್‌ಟಾಪ್ ನಿದ್ದೆಗೆ ಹೋಗಿದ್ರೆ ರಿಂಗೂ ಆಗಲ್ಲ. ಆದ್ದರಿಂದ ಚಾರ್ಜರ್ ಹಾಕಿದಾಗ ನಿದ್ದೆಗೆ Never ಅಂತ ಇಟ್ಟು, ಕಾಲ್‌ಗೆ ಒಂದು ಹೊತ್ತು ಗೊತ್ತು ಮಾಡಿ. ಆ ಮನೇಲಿ ಭಾನುವಾರ ರಾತ್ರಿ 8:30, ನ್ಯೂಜೆರ್ಸಿಯಲ್ಲಿ ಬೆಳಿಗ್ಗೆ 11. ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಹಿಂದೆ ಸರಿಯುತ್ತೆ. ಆಮೇಲೆ ಅಲ್ಲಿನ 11 ಅಂದ್ರೆ ಇಲ್ಲಿ 9:30, ಅಮ್ಮ ಮಲಗೋ ಹೊತ್ತು. ಅದನ್ನ ಮಗಳು 10 ಗಂಟೆಗೆ ತಂದಳು.

"ಮಗಳು ಕಾಣ್ತಾಳೆ, ಅವಳಿಗೆ ನಾನು ಕಾಣೋದಿಲ್ವಂತೆ" ಅಂತ ಫೋನ್ ಬಂದ್ರೆ ಸೆಟಿಂಗ್ಸ್ ತೆಗೆಸಬೇಡಿ. ಮೊದಲು ಕ್ಯಾಮೆರಾ ಮೇಲಿನ ಪುಟ್ಟ ಮುಚ್ಚಳ ನೋಡಲು ಹೇಳಿ. ಒರೆಸೋವಾಗ ಬಟ್ಟೆ ತಾಗಿ ಸರಿದಿರುತ್ತೆ, ಚಿತ್ರ ಪೂರಾ ಕಪ್ಪು. ನಾವು ಆ ಮುಚ್ಚಳದ ಪಕ್ಕ ಬೆರಳುಗುರಿನಷ್ಟು ಕೆಂಪು ಸ್ಟಿಕ್ಕರ್ ಅಂಟಿಸಿದ್ವಿ. ಈಗ ಅಮ್ಮ ಅದನ್ನ ತಾವೇ ಸರಿಸ್ಕೊಳ್ತಾರೆ.