ಹಳೇ ಚೀಟಿ ತಂದಿದ್ದೀರಾ?

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಶಾಲೆಯ ನೆನಪುಗಳನ್ನು ನನಗಿಂತ ಚೆನ್ನಾಗಿ ಹೇಳುವವರು ಇವತ್ತು ಇಲ್ಲಿ ಬಹಳ ಜನ ಇದ್ದಾರೆ. ನಾನೀಗ ಪದವಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವನು. ಮಕ್ಕಳು ಮೊಬೈಲಿನಲ್ಲಿ ಬಳಸುವ ಎಐ ಬಗ್ಗೆ ಎರಡು ಮಾತು ಹೇಳಿ ಎಂದು ಸಂಘಟಕರು ಕೇಳಿದರು. ಅದೊಂದು ದೊಡ್ಡ ವಿಷಯ. ಅದರಲ್ಲಿ ಒಂದೇ ಒಂದು ಎಳೆಯನ್ನು ಹಿಡಿದು ಮಾತಾಡುತ್ತೇನೆ. ಅದು ಈ ಎಐಗೆ ನಮ್ಮ ನೆನಪು ಇರುತ್ತದೆಯೇ ಎಂಬುದು.

ಕಳಸದ ಕಡೆಯಿಂದ ಬರುವ ವಿದ್ಯಾರ್ಥಿನಿಯೊಬ್ಬಳು ನಮ್ಮ ತರಗತಿಯಲ್ಲಿದ್ದಾಳೆ. ಕಾಫಿ ತೋಟದ ನೆರಳು ಮರಗಳ ಬಗ್ಗೆ ಎಂಟುನೂರು ಪದಗಳ ಪ್ರಬಂಧ ಬರೆಯಬೇಕಿತ್ತು. ಅತ್ತಿ, ಹಲಸು, ಮತ್ತಿಯಂಥ ಕಾಡುಮರಗಳಿದ್ದ ಕಡೆ ಸಿಲ್ವರ್ ಓಕ್ ಹೇಗೆ ತುಂಬಿಕೊಂಡಿತು ಎಂಬುದು ಅವಳು ಆರಿಸಿಕೊಂಡ ವಿಷಯ. ಎಐ ಕೈಯಲ್ಲಿ ಪ್ರಬಂಧ ಬರೆಸಬಾರದು, ತಾವೇ ಬರೆದದ್ದನ್ನು ತೋರಿಸಿ ಅಭಿಪ್ರಾಯ ಕೇಳಬಹುದು ಎಂದು ನಾನು ತರಗತಿಯಲ್ಲಿ ಹೇಳಿದ್ದೆ. ಅವಳು ಹಾಗೆಯೇ ಮಾಡಿದಳು. ಮೊದಲ ಕರಡಿಗೆ ನಾಲ್ಕು ಸಲಹೆ ಬಂದವು. ಮೊದಲ ಪ್ಯಾರಾದಲ್ಲಿ ನಿನ್ನ ವಾದ ಏನೆಂದು ಇಲ್ಲ. ಸಿಲ್ವರ್ ಓಕ್ ಹೆಚ್ಚಲು ಕಾರಣ ಹೇಳಿಲ್ಲ. ಒಬ್ಬರೇ ಬೆಳೆಗಾರರ ಮಾತಿದೆ, ಇನ್ನೊಬ್ಬರದ್ದೂ ಬೇಕು. ಅಜ್ಜನ ನೆನಪಿನ ಪ್ಯಾರಾ ವಿಷಯಕ್ಕೆ ಹೊರಗಿದೆ, ತೆಗೆದುಬಿಡು. ಒಟ್ಟಿನಲ್ಲಿ ಕೆಲಸಕ್ಕೆ ಬರುವ ಸಲಹೆಗಳೇ.

ಒಂದು ವಾರ ಕೂತು ತಿದ್ದಿದಳು. ಮತ್ತೆ ಎಐ ತೆರೆದು, ಕಳೆದ ವಾರ ಹೇಳಿದ್ದನ್ನೆಲ್ಲ ಸರಿಮಾಡಿದ್ದೇನೆ, ಈಗ ಹೇಗಿದೆ ನೋಡು ಎಂದು ಹೊಸ ಕರಡನ್ನು ಹಾಕಿದಳು. ಕಳೆದ ವಾರಕ್ಕಿಂತ ಬಹಳ ಸುಧಾರಿಸಿದೆ ಎಂಬ ಹೊಗಳಿಕೆ ಬಂತು. ಅದರ ಹಿಂದೆಯೇ ಮೊದಲ ಪ್ಯಾರಾ ಉದ್ದವಾಯಿತು, ಕೊನೆಯ ಎರಡು ವಾಕ್ಯ ತೆಗೆ ಎಂಬ ಸಲಹೆಯೂ ಬಂತು. ಆ ಎರಡು ವಾಕ್ಯಗಳೇ ಅವಳು ಹಿಂದಿನ ಸಲಹೆಯಂತೆ ಸೇರಿಸಿದ್ದವು. ಅಜ್ಜನ ನೆನಪು ತುಂಬ ಚೆನ್ನಾಗಿದೆ, ಇನ್ನಷ್ಟು ಬರೆ ಎಂದೂ ಇತ್ತು.

ಒಪ್ಪಿಸಲು ಮೂರು ದಿನ ಉಳಿದಿತ್ತು. ಇದು ಆಂತರಿಕ ಅಂಕದ ಪ್ರಬಂಧ. ಸ್ಟಾಫ್ ರೂಮಿಗೆ ಬಂದವಳ ಕಣ್ಣು ತುಂಬಿತ್ತು.

"ಸರ್, ತಾನು ಏನು ಹೇಳಿತ್ತು ಅಂತ ಅದಕ್ಕೇ ಗೊತ್ತಿಲ್ಲ. ನಾನು ಬರೆದಿದ್ದು ಚೆನ್ನಾಯ್ತೋ ಹಾಳಾಯ್ತೋ ಹೇಗೆ ತಿಳ್ಕೊಳ್ಳೋದು?"

"ಹೋದ ವಾರದ ಮಾತು ಅದಕ್ಕೆ ನೆನಪಿದೆ ಅಂತ ನಿನಗೆ ಯಾರು ಹೇಳಿದ್ರಮ್ಮ?" ಎಂದೆ.

"ಸುಧಾರಿಸಿದೆ ಅಂತ ಅದೇ ಹೇಳ್ತಲ್ಲ ಸರ್!"

ವಿಷಯ ಇರುವುದು ಇಲ್ಲೇ. ತಾಲ್ಲೂಕು ಆಸ್ಪತ್ರೆಗೆ ಹೋಗುವ ಹಿರಿಯರಿಗೆ ಇದನ್ನು ಸುಲಭವಾಗಿ ಹೇಳಬಹುದು. ಈ ವಾರ ಒಬ್ಬ ಡಾಕ್ಟರು ನೋಡುತ್ತಾರೆ, ಮುಂದಿನ ವಾರ ಡ್ಯೂಟಿಯಲ್ಲಿ ಇನ್ನೊಬ್ಬರು ಇರುತ್ತಾರೆ. ಇಬ್ಬರೂ ಓದಿದವರೇ, ರೋಗದ ಬಗ್ಗೆ ಇಬ್ಬರಿಗೂ ಗೊತ್ತು. ಆದರೆ ಹೋದ ವಾರ ನಿಮ್ಮ ಬಿಪಿ ಎಷ್ಟಿತ್ತು, ಯಾವ ಮಾತ್ರೆ ಬರೆದಿದ್ದರು ಎಂಬುದು ಎರಡನೆಯವರಿಗೆ ಗೊತ್ತಿಲ್ಲ. ಅದಕ್ಕೇ ಅವರು ಹಳೇ ಚೀಟಿ ತಂದಿದ್ದೀರಾ ಎಂದು ಕೇಳುತ್ತಾರೆ. ಎಐ ಇರುವುದೂ ಹೀಗೆಯೇ. ಬಹಳಷ್ಟು ಬರಹವನ್ನು ಓದಿಸಿ ಅದನ್ನು ತಯಾರು ಮಾಡಿರುತ್ತಾರೆ. ತಯಾರಾದ ಮೇಲೆ ನೀವು ಅದರೊಡನೆ ಆಡುವ ಮಾತು ಅದರ ಒಳಗೆ ಕೂರುವುದಿಲ್ಲ. ಹೊಸ ಚಾಟ್ ತೆರೆದಾಗ ನೀವು ಅದಕ್ಕೆ ಹೊಸಬರು. ಡಾಕ್ಟರಿಗೂ ಇದಕ್ಕೂ ಇರುವ ವ್ಯತ್ಯಾಸ ಒಂದೇ. ಹಳೇ ಚೀಟಿ ಎಲ್ಲಿ ಎಂದು ಇದು ಸಾಮಾನ್ಯವಾಗಿ ಕೇಳುವುದಿಲ್ಲ.

ಹಾಗಾದರೆ ಸುಧಾರಿಸಿದೆ ಎಂದು ಹೇಗೆ ಹೇಳಿತು? ಮುಂದಿರುವ ಬರಹಕ್ಕೆ ಹೊಂದುವ ಮುಂದಿನ ಮಾತನ್ನು ಜೋಡಿಸುವುದು ಅದರ ಕೆಲಸ. ನೀನು ಹೇಳಿದಂತೆ ತಿದ್ದಿದ್ದೇನೆ ಎಂದು ನಾವು ಶುರುಮಾಡಿದರೆ, ಹೌದು, ಸುಧಾರಿಸಿದೆ ಎಂಬುದು ಅದಕ್ಕೆ ಸಹಜವಾಗಿ ಹೊಂದುವ ಉತ್ತರ. ಹಳೆಯ ಕರಡು ಅದರ ಮುಂದೆ ಇರಲೇ ಇಲ್ಲ. ಹೋಲಿಸದೆಯೇ ಹೋಲಿಕೆಯ ಮಾತು ಬಂತು. ಇದನ್ನು ಪತ್ತೆಹಚ್ಚುವ ಉಪಾಯ ಸರಳ. ಕಳೆದ ವಾರದ ಸಲಹೆಗಳನ್ನು ಒಂದೊಂದಾಗಿ ಇದ್ದಂತೆಯೇ ಬರೆದುಕೊಡು ಎಂದು ಕೇಳಬೇಕು. ಒಂದೋ ಹಿಂದಿನ ಮಾತು ನನ್ನ ಮುಂದಿಲ್ಲ ಎನ್ನುತ್ತದೆ, ಇಲ್ಲವೇ ಯಾವ ಪ್ರಬಂಧಕ್ಕೂ ಹೊಂದುವಂಥ ಸಲಹೆಗಳನ್ನು ಕೊಡುತ್ತದೆ. ಇವಳು ಕೇಳಿದಾಗ ವ್ಯಾಕರಣ ಸರಿಪಡಿಸು, ಉದಾಹರಣೆ ಸೇರಿಸು ಎಂದು ಬಂತು. ಸಿಲ್ವರ್ ಓಕಿನ ಹೆಸರೇ ಇರಲಿಲ್ಲ.

ಗೆಳೆಯರು ಯಾರಾದರೂ, ಈಗಿನ ಎಐಗಳಿಗೆ ಮೆಮೊರಿ ಬಂದಿದೆಯಲ್ಲ ಎನ್ನಬಹುದು. ನಿಜ. ಚಾಟ್‌ಜಿಪಿಟಿ ಜನರ ಕೈಗೆ ಬಂದದ್ದು 2022ರ ನವೆಂಬರ್‌ನಲ್ಲಿ. 2024ರಲ್ಲಿ ಅದಕ್ಕೆ ಮೆಮೊರಿ ಎಂಬ ಸೌಲಭ್ಯ ಸೇರಿತು, ಬೇರೆಯವೂ ಹಿಂದೆಯೇ ತಂದವು. ಆದರೆ ಅದು ಹೊರಗೆ ಇಟ್ಟುಕೊಂಡ ಟಿಪ್ಪಣಿ ಇದ್ದಂತೆ. ಈಕೆ ಪದವಿ ವಿದ್ಯಾರ್ಥಿನಿ, ಕಾಫಿಯ ಬಗ್ಗೆ ಬರೆಯುತ್ತಿದ್ದಾಳೆ ಎಂಬಷ್ಟು ಅದರಲ್ಲಿ ಇರಬಹುದು. ಮೂರನೇ ಪ್ಯಾರಾಕ್ಕೆ ಏನು ಸಲಹೆ ಕೊಟ್ಟಿತ್ತು ಎಂಬುದು ಇದ್ದೇ ಇರುತ್ತದೆ ಎಂದು ನಂಬಿ ಕೂರುವಂತಿಲ್ಲ. ನಾವು ಹೇಳದಿದ್ದರೆ ಯಾವುದನ್ನು ಉಳಿಸಿಕೊಳ್ಳಬೇಕೆಂದು ಆರಿಸುವುದು ಅದೇ. ಇವಳ ವಿಷಯದಲ್ಲಿ ಅದೂ ಇರಲಿಲ್ಲ. ಮೊದಲ ವಾರ ಅಣ್ಣನ ಮೊಬೈಲಿನಲ್ಲಿ ಲಾಗಿನ್ ಆಗದೆ ಕೇಳಿದ್ದಳು, ಎರಡನೇ ವಾರ ತನ್ನದರಲ್ಲಿ ಕೇಳಿದಳು. ಮೊದಲಿನ ಚಾಟ್ ಎಲ್ಲೂ ಉಳಿದಿರಲಿಲ್ಲ.

ಹಳೆಯ ಚಾಟ್ ಉಳಿದಿದ್ದರೆ ಅದನ್ನೇ ತೆರೆದು ಮುಂದುವರಿಸುವುದು ಒಂದು ದಾರಿ. ಆಗ ಹಿಂದಿನ ಮಾತೆಲ್ಲ ಮತ್ತೆ ಅದರ ಮುಂದೆ ಹೋಗುತ್ತದೆ. ಅದಕ್ಕೂ ಮಿತಿ ಇದೆ. ಒಂದು ಸಲಕ್ಕೆ ಅದು ನೋಡಬಲ್ಲ ಬರಹಕ್ಕೆ ಒಂದು ಅಳತೆ ಇರುತ್ತದೆ. ಬರಹವನ್ನು ಅದು ಸಣ್ಣ ತುಣುಕುಗಳಾಗಿ ಒಡೆದು ಲೆಕ್ಕ ಹಾಕುತ್ತದೆ. ಅದೇ ವಿಷಯವನ್ನು ಕನ್ನಡದಲ್ಲಿ ಬರೆದರೆ ಇಂಗ್ಲಿಷಿಗಿಂತ ಹೆಚ್ಚು ತುಣುಕುಗಳಾಗುತ್ತವೆ, ಆದ್ದರಿಂದ ಅಳತೆ ಬೇಗ ತುಂಬುತ್ತದೆ. ನಾಲ್ಕೈದು ಕರಡುಗಳು ಒಂದೇ ಚಾಟಿನಲ್ಲಿ ಸೇರಿದರೆ ಯಾವುದು ಹಳೆಯದು, ಯಾವುದು ಹೊಸದು ಎಂಬುದು ಕಲಸಿಹೋಗುವುದೂ ಉಂಟು. ಹೀಗಾಗಿ ಪ್ರತಿ ಕರಡಿಗೂ ಹೊಸ ಚಾಟ್ ತೆರೆದು, ಹಳೇ ಚೀಟಿಯನ್ನು ನಾವೇ ಕೊಡುವುದು ಮೇಲು.

ಪುಣ್ಯಕ್ಕೆ ಆ ನಾಲ್ಕು ಸಲಹೆಗಳನ್ನು ಅವಳು ಮೊದಲ ಕರಡಿನ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಳು. ಅದನ್ನಿಟ್ಟುಕೊಂಡು ಇಬ್ಬರೂ ಕೂತು ಚೀಟಿ ತಯಾರಿಸಿದೆವು. ಮೊದಲು ಪ್ರಬಂಧದ ವಿಷಯ, ಪದಮಿತಿ, ಯಾವುದಕ್ಕೆ ಅಂಕ ಎಂಬ ವಿವರ. ಆಮೇಲೆ ಕಳೆದ ವಾರದ ನಾಲ್ಕು ಸಲಹೆಗಳು, ನಂಬರ್ ಹಾಕಿ. ಪ್ರತಿಯೊಂದರ ಎದುರು ತಾನು ಏನು ಮಾಡಿದೆ ಎಂಬ ಒಂದು ವಾಕ್ಯ. ನಾಲ್ಕನೆಯದರ ಎದುರು ಅವಳು ಒಪ್ಪಿಲ್ಲ ಎಂದು ಬರೆದಳು. ತೋಟದಲ್ಲಿ ಮೊದಲು ಯಾವ ಮರಗಳಿದ್ದವು ಎಂಬುದಕ್ಕೆ ಅಜ್ಜನ ಮಾತೇ ಅವಳ ಆಧಾರ, ಆದ್ದರಿಂದ ಆ ಪ್ಯಾರಾ ಉಳಿಸಿದ್ದೇನೆ ಎಂಬ ಕಾರಣವನ್ನೂ ಬರೆದಳು. ಅದರ ಕೆಳಗೆ ಹೊಸ ಕರಡು ಪೂರ್ತಿಯಾಗಿ. ಮಾತು ಕೊಟ್ಟ ಬೆಳೆಗಾರರ ಹೆಸರು, ಊರು ತೆಗೆದು ಒಬ್ಬ ಬೆಳೆಗಾರ ಎಂದಷ್ಟೇ ಇಟ್ಟೆವು. ಅವರು ಮಾತಾಡಿದ್ದು ಇವಳೊಡನೆ, ಎಐ ಜೊತೆ ಅಲ್ಲವಲ್ಲ.

ಕೊನೆಯಲ್ಲಿ ಕೇಳುವ ಪ್ರಶ್ನೆ. ಹೇಗಿದೆ ಎಂದು ಕೇಳಿದರೆ ಹೊಗಳಿಕೆ ಬರುತ್ತದೆ. ಅದರ ಬದಲು, ನಾಲ್ಕು ಸಲಹೆಗಳಲ್ಲಿ ಪ್ರತಿಯೊಂದಕ್ಕೂ ಕರಡಿನಲ್ಲಿರುವ ವಾಕ್ಯವನ್ನು ಎತ್ತಿ ತೋರಿಸಿ ಆಗಿದೆ, ಅರ್ಧ ಆಗಿದೆ, ಆಗಿಲ್ಲ ಎಂದು ಹೇಳು, ಹೊಸ ಸಲಹೆ ಈಗ ಬೇಡ ಎಂದು ಬರೆದಳು. ವಾಕ್ಯ ಎತ್ತಿ ತೋರಿಸು ಎಂಬುದೇ ಇಲ್ಲಿ ಮುಖ್ಯ. ಅದು ತೋರಿಸಿದ ವಾಕ್ಯ ನಮ್ಮ ಕರಡಿನಲ್ಲಿ ಇದೆಯೋ ಇಲ್ಲವೋ ಎಂದು ನಾವೇ ಬೆರಳಿಟ್ಟು ನೋಡಬಹುದು.

ಈ ಸಲ ಬಂದ ಉತ್ತರ ಕೈಗೆ ಸಿಗುವಂತಿತ್ತು. ವಾದದ ವಾಕ್ಯ ಮೊದಲ ಪ್ಯಾರಾದಲ್ಲಿ ಇದೆ, ಮೊದಲನೆಯದು ಆಗಿದೆ. ಎರಡನೆಯದು ಅರ್ಧ. ಮೆಣಸಿನ ಬಳ್ಳಿ ಹಬ್ಬಿಸಲು ಸಿಲ್ವರ್ ಓಕ್ ಅನುಕೂಲ ಎಂದು ಬರೆದಿದ್ದಳು, ಮರ ಬೇಗ ಬೆಳೆದು ನಾಟಾ ಮಾರಿ ಹಣ ಬರುತ್ತದೆ ಎಂಬುದನ್ನು ಬಿಟ್ಟಿದ್ದಳು. ಮೂರನೆಯದು ಆಗಿದೆ ಎಂದಿತು. ನಾಲ್ಕನೆಯದಕ್ಕೆ ಅವಳ ಕಾರಣ ಸರಿ, ಆದರೆ ಆ ಕಾರಣ ಪ್ಯಾರಾದ ಒಳಗೇ ಓದುಗರಿಗೆ ಕಾಣಬೇಕು ಎಂದಿತು.

ಅಷ್ಟರಲ್ಲಿ ಅವಳೇ ನಕ್ಕಳು. "ಸರ್, ಮೂರನೇದು ಆಗಿಲ್ಲ. ಇನ್ನೊಬ್ಬರು ಅಂತ ನಾನು ಕೇಳಿದ್ದು ಮೊದಲಿನವರ ತಮ್ಮನ್ನ. ಇಬ್ಬರದ್ದೂ ಒಂದೇ ತೋಟ."

ಚೀಟಿಯ ಮಿತಿಯೂ ಇದೇ. ಚೀಟಿಯಲ್ಲಿ ಇಲ್ಲದ್ದು ಎಐಗೆ ಗೊತ್ತಾಗುವುದಿಲ್ಲ. ಇಬ್ಬರು ಅಣ್ಣತಮ್ಮಂದಿರು ಎಂದು ಅದಕ್ಕೆ ಹೇಗೆ ತಿಳಿಯಬೇಕು? ಮಾರನೇ ದಿನ ಅವಳು ಬೇರೆ ತೋಟದವರನ್ನು ಮಾತಾಡಿಸಿದಳು. ಕಾಡುಮರವನ್ನೇ ಉಳಿಸಿಕೊಂಡವರು ಅವರು, ಅಣ್ಣತಮ್ಮಂದಿರು ಹೇಳಿದ್ದಕ್ಕಿಂತ ಬೇರೆಯೇ ಮಾತು ಅವರಿಂದ ಸಿಕ್ಕಿತು. ಇನ್ನೊಂದು ಮಿತಿಯೂ ಇದೆ. ಹಿಂದಿನ ಸಲಹೆಯನ್ನು ನೆನಪಿಸಿದ ಮಾತ್ರಕ್ಕೆ ಆ ಸಲಹೆ ಸರಿ ಎಂದಾಗುವುದಿಲ್ಲ. ಮರದ ವಿಷಯದಲ್ಲಿ ಅನುಮಾನ ಬಂದರೆ ಕೇಳಲು ನಮ್ಮ ಜಿಲ್ಲೆಯಲ್ಲೇ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಇದೆ. ಪ್ರಬಂಧದ ವಿಷಯಕ್ಕೆ ಮೇಷ್ಟ್ರು ಇದ್ದಾರೆ.

ಮಕ್ಕಳೇ, ನೀವು ಕಾಲೇಜಿಗೆ ಹೋದಾಗ ಒಂದು ನೂರು ಪುಟದ ನೋಟುಪುಸ್ತಕ ಇದಕ್ಕೆಂದೇ ಇಡಿ. ಎಡಪುಟದಲ್ಲಿ ತಾರೀಕು ಹಾಕಿ ಬಂದ ಸಲಹೆ ಬರೆಯಿರಿ. ಎಐ ಹೇಳಿದ್ದೋ ಮೇಷ್ಟ್ರು ಹೇಳಿದ್ದೋ ಎಂದು ಪಕ್ಕದಲ್ಲಿ ಗುರುತಿಸಿ. ಬಲಪುಟದಲ್ಲಿ ನೀವು ಮಾಡಿದ್ದು, ಮಾಡದೆ ಬಿಟ್ಟಿದ್ದರೆ ಯಾಕೆ ಎಂಬುದು. ಕಾಫಿ ಬೆಳೆಗಾರರು ಹೂಮಳೆ ಯಾವ ದಿನ ಎಷ್ಟು ಸೆಂಟ್ ಬಂತು ಎಂದು ಡೈರಿಯಲ್ಲಿ ಬರೆದಿಡುತ್ತಾರಲ್ಲ, ಹಾಗೆ. ನಾಲ್ಕು ಪ್ರಬಂಧ ಮುಗಿಯುವಷ್ಟರಲ್ಲಿ ಎಡಪುಟದಲ್ಲಿ ಒಂದೇ ಸಲಹೆ ಮತ್ತೆ ಮತ್ತೆ ಕಾಣಿಸುತ್ತದೆ. ನಮ್ಮ ಈ ವಿದ್ಯಾರ್ಥಿನಿಗೆ ಕಂಡದ್ದು, ಕಾರಣ ಹೇಳದೆ ಮುಂದೆ ಹೋಗುತ್ತೀಯ ಎಂಬುದು. ಈಗ ಅವಳು ಅದನ್ನು ಯಾರಿಗೂ ತೋರಿಸುವ ಮೊದಲೇ ತಾನೇ ನೋಡಿಕೊಳ್ಳುತ್ತಾಳೆ.