ಚಿತ್ರದೊಳಗಿನ ಮಾತು, ಚಿತ್ರದಡಿಯ ಮಾತು

(ಯುವ ಬರಹಗಾರರ ತರಬೇತಿ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇನ್‌ಸ್ಟಾಗ್ರಾಮ್‌ನಲ್ಲಿ ಒಂದರ ಪಕ್ಕ ಒಂದರಂತೆ ಸರಿಸಿ ನೋಡುವ ಚಿತ್ರಗಳ ಸರಣಿಯನ್ನು ಕ್ಯಾರಸೆಲ್ ಎನ್ನುತ್ತಾರೆ. ಇದು 2017ರಲ್ಲಿ ಹತ್ತು ಚಿತ್ರಗಳ ಮಿತಿಯೊಂದಿಗೆ ಬಂತು. 2024ರಲ್ಲಿ ಆ ಮಿತಿ ಇಪ್ಪತ್ತಕ್ಕೇರಿತು. ಚಿತ್ರದ ಮೇಲೆಯೇ ಅಚ್ಚಾದ ಬರಹ ಒಂದಾದರೆ, ಅದರ ಅಡಿಯಲ್ಲಿ ಬರುವ ಕ್ಯಾಪ್ಷನ್ ಇನ್ನೊಂದು. ಯಾವ ಮಾತನ್ನು ಸ್ಲೈಡಿನಲ್ಲಿಡಬೇಕು, ಯಾವುದನ್ನು ಕ್ಯಾಪ್ಷನ್‌ಗೆ ಬಿಡಬೇಕು ಎಂಬುದು ವಿನ್ಯಾಸಕಾರನ ರುಚಿಗೆ ಬಿಟ್ಟ ಸಂಗತಿಯೆಂದು ನಾನೂ ಒಂದು ಕಾಲದಲ್ಲಿ ಭಾವಿಸಿದ್ದೆ. ಆ ಭಾವನೆ ತಪ್ಪೆಂದು ನನಗೆ ಕಲಿಸಿದ್ದು ಓರ್ವ ವಿಧವೆ.

ನಾವು ಕೆಲವು ಗೆಳೆಯರು ಸೇರಿ ಉತ್ತರಾಧಿಕಾರದ ಕುರಿತು ಏಳು ಸ್ಲೈಡುಗಳ ಸರಣಿಯೊಂದನ್ನು ಸಿದ್ಧಪಡಿಸಿದ್ದೆವು. ಶರೀಅತ್‌ನ ಮೇಲೆ ಹೊರಗಿನಿಂದ ದಾಳಿಯಾದಾಗ ಬೀದಿಗಿಳಿಯುವ ನಾವು, ಅದೇ ಶರೀಅತ್ ನಮ್ಮ ಮಗಳಿಗೆ ನಿಗದಿಪಡಿಸಿದ ಪಾಲನ್ನು ಕೊಡುವಾಗ ಮಾತ್ರ ಮೌನವಾಗುತ್ತೇವೆ ಎಂಬ ನೋವೇ ಅದರ ಹಿಂದಿನ ಪ್ರೇರಣೆ. ನಾಲ್ಕನೇ ಸ್ಲೈಡಿನಲ್ಲಿ ದೊಡ್ಡಕ್ಷರಗಳಲ್ಲಿ ‘ಪತ್ನಿಯ ಪಾಲು: 1/8’ ಎಂದಿತ್ತು. ಮೃತನಿಗೆ ಮಕ್ಕಳಿದ್ದರೆ ಮಾತ್ರ ಅಷ್ಟು, ಇಲ್ಲದಿದ್ದರೆ 1/4 ಎಂಬ ವಿವರಣೆ ಕ್ಯಾಪ್ಷನ್‌ನ ಎರಡನೇ ಪ್ಯಾರಾದಲ್ಲಿತ್ತು. ಪಾಲು ಮಾಡುವ ಮುನ್ನ ಸಾಲವನ್ನೂ ಬಾಕಿಯಿರುವ ಮಹ್ರನ್ನೂ ತೀರಿಸಬೇಕೆಂಬುದು ಮೂರನೇ ಪ್ಯಾರಾದಲ್ಲಿತ್ತು. ಏನೂ ಬಿಟ್ಟುಹೋಗಿಲ್ಲವೆಂಬ ಸಮಾಧಾನದಿಂದ ನಾವು ಅದನ್ನು ಪ್ರಕಟಿಸಿದೆವು.

ಕೆಲವು ವಾರಗಳ ಬಳಿಕ ಓರ್ವ ಮಹಿಳೆ ದೂರವಾಣಿಯಲ್ಲಿ ನನ್ನನ್ನು ಸಂಪರ್ಕಿಸಿದರು. ಪತಿ ತೀರಿಕೊಂಡಿದ್ದರು. ಮಕ್ಕಳಿಲ್ಲ, ಪತಿಯ ತಂದೆ ತಾಯಿಯರೂ ಇಲ್ಲ, ಇಬ್ಬರು ಮೈದುನರಿದ್ದರು. ಸೊತ್ತಿನ ಮೌಲ್ಯ ಹದಿನಾರೂವರೆ ಲಕ್ಷ ರೂಪಾಯಿ. ಅದರಲ್ಲಿ ಎಂಟನೇ ಒಂದು ಪಾಲು, ಅಂದರೆ 2,06,250 ರೂಪಾಯಿ ನಿಮ್ಮದೆಂದು ಮೈದುನರು ಹೇಳಿದ್ದರು. ಆಧಾರವೇನೆಂದು ಕೇಳಿದ್ದಕ್ಕೆ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಬಂದಿದ್ದ ಚಿತ್ರವೊಂದನ್ನು ತೋರಿಸಿದ್ದರು. ಅದು ನಮ್ಮ ನಾಲ್ಕನೇ ಸ್ಲೈಡ್! ‘ಇದು ನೀವು ಬರೆದದ್ದಂತೆ, ಹೌದೋ ಉಸ್ತಾದರೇ?’ ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ನಿಜವಾದ ಲೆಕ್ಕವನ್ನು ನೋಡಿ. ಅವರ ಮಹ್ರ್‌ನ ಐವತ್ತು ಸಾವಿರ ರೂಪಾಯಿ ಬಾಕಿಯಿತ್ತು. ಅದು ಪತಿಯ ಮೇಲಿನ ಸಾಲವಾದುದರಿಂದ ಮೊದಲು ಸಲ್ಲಬೇಕು. ಬೇರೆ ಸಾಲವೂ ಇರಲಿಲ್ಲ, ವಸಿಯ್ಯತ್ತೂ ಇರಲಿಲ್ಲ. ಉಳಿದ ಹದಿನಾರು ಲಕ್ಷದಲ್ಲಿ ನಾಲ್ಕನೇ ಒಂದು, ಅಂದರೆ ನಾಲ್ಕು ಲಕ್ಷ ಅವರ ಪಾಲು. ಮಹ್ರ್ ಸೇರಿ ನಾಲ್ಕೂವರೆ ಲಕ್ಷ. ಉಳಿದ ಹನ್ನೆರಡು ಲಕ್ಷ ಇಬ್ಬರು ಸಹೋದರರಿಗೆ ಸಮನಾಗಿ ಹೋಗುತ್ತದೆ. ನಾವು ಒಂದು ವಾಕ್ಯವನ್ನು ಚಿತ್ರದಿಂದ ತೆಗೆದು ಅದರಡಿಗೆ ಇಟ್ಟ ಕಾರಣದಿಂದ ಆ ಸಹೋದರಿಯ ಕೈಯಿಂದ 2,43,750 ರೂಪಾಯಿ ಜಾರುವುದರಲ್ಲಿತ್ತು. ಮೈದುನರು ಮೋಸಗಾರರೇ ಎಂದು ಕೇಳಿದರೆ, ಅಲ್ಲ. ಅವರು ಓದಿದ್ದು ಅಷ್ಟೇ.

ಇದು ನಡೆದದ್ದು ಹೇಗೆ? ಕ್ಯಾಪ್ಷನ್ ಎಂಬುದು ಚಿತ್ರದೊಂದಿಗೆ ಪಯಣಿಸುವುದಿಲ್ಲ. ಓದುಗನು ಸ್ಕ್ರೀನ್‌ಶಾಟ್ ತೆಗೆದು ಕತ್ತರಿಸಿ ಕಳುಹಿಸುತ್ತಾನೆ, ಅಥವಾ ಸ್ಟೇಟಸ್‌ಗೆ ಹಾಕುತ್ತಾನೆ. ಆಗ ಅಡಿಬರಹ, ದಿನಾಂಕ, ಕೆಲವೊಮ್ಮೆ ಪ್ರಕಟಿಸಿದವರ ಹೆಸರು ಎಲ್ಲವೂ ಕಳಚಿಹೋಗುತ್ತವೆ. ಏಳು ಸ್ಲೈಡುಗಳಲ್ಲಿ ಒಂದೇ ಒಂದು ಹೊರಡುತ್ತದೆ, ಅದೂ ಹೆಚ್ಚಾಗಿ ಅತಿ ದೊಡ್ಡ ಅಂಕಿಯಿರುವ ಸ್ಲೈಡ್. ಪೋಸ್ಟನ್ನು ಮೂಲದಲ್ಲೇ ನೋಡುವವನಿಗೂ ಕ್ಯಾಪ್ಷನ್‌ನ ಮೊದಲ ಸುಮಾರು ಎರಡು ಸಾಲು ಮಾತ್ರ ಕಾಣಿಸುತ್ತದೆ. ಉಳಿದದ್ದು ಮಡಚಿಕೊಂಡಿರುತ್ತದೆ, ಬೆರಳಿಟ್ಟು ಬಿಡಿಸಬೇಕು. ನಮ್ಮ ‘ಮಕ್ಕಳಿದ್ದರೆ ಮಾತ್ರ’ ಎಂಬುದು ಆ ಮಡಿಕೆಯ ಒಳಗಿತ್ತು.

ಮದ್ರಸದಲ್ಲಿ ಓದಿದವರಿಗೆ ಮತ್ನ್ ಮತ್ತು ಹಾಶಿಯ ಎಂಬ ಪದಗಳು ಅಪರಿಚಿತವಲ್ಲ. ಪುಟದ ನಡುವೆ ಮೂಲಪಾಠ, ಸುತ್ತಲಿನ ಅಂಚಿನಲ್ಲಿ ಟಿಪ್ಪಣಿ. ನಾವು ಫರಾಇಝ್ ಕಲಿತದ್ದು ‘ಸಿರಾಜಿಯ್ಯ’ ಎಂಬ ಚಿಕ್ಕ ಗ್ರಂಥದಿಂದ. ಅದರ ಮೇಲೆ ಶರೀಫ್ ಜುರ್ಜಾನಿಯವರ ವ್ಯಾಖ್ಯಾನವಿದೆ, ಅಂಚು ತುಂಬ ಟಿಪ್ಪಣಿಗಳಿವೆ. ಆದರೆ ಪತ್ನಿಯ ಪಾಲಿನ ಪ್ರಸ್ತಾಪ ಬಂದಾಗ, ಅವಳಿಗೆ ಎರಡು ಸ್ಥಿತಿಗಳಿವೆ, ಸಂತಾನವಿಲ್ಲದಾಗ ನಾಲ್ಕನೇ ಒಂದು, ಇರುವಾಗ ಎಂಟನೇ ಒಂದು ಎಂಬುದನ್ನು ಮೂಲಪಾಠವೇ ಹೇಳುತ್ತದೆ. ಸಂಕ್ಷೇಪದಲ್ಲಿ ಅಷ್ಟೊಂದು ಜಿಪುಣರಾಗಿದ್ದ ಆ ವಿದ್ವಾಂಸರು ಷರತ್ತನ್ನು ಮಾತ್ರ ಅಂಚಿಗೆ ತಳ್ಳಲಿಲ್ಲ. ಅಂಚಿಲ್ಲದ ಪ್ರತಿಯನ್ನು ಯಾರಾದರೂ ನಕಲು ಮಾಡಿಕೊಂಡರೂ ಮತ್ನ್ ಸುಳ್ಳಾಗದು. ಅದನ್ನು ಬಾಯಿಪಾಠ ಮಾಡಿದ್ದ ನಾನು ಮೊಬೈಲಿನ ಪರದೆಯ ಮೇಲೆ ಅದನ್ನೇ ಮರೆತಿದ್ದೆ.

ಈಗ ನಾವು ಪ್ರತಿಯೊಂದು ಮಾತಿಗೂ ಒಂದೇ ಪ್ರಶ್ನೆ ಕೇಳುತ್ತೇವೆ: ಇದನ್ನು ತೆಗೆದರೆ ಸ್ಲೈಡಿನ ವಾಕ್ಯ ಸುಳ್ಳಾಗುತ್ತದೆಯೋ ಅಥವಾ ಕೇವಲ ಸಂಕ್ಷಿಪ್ತವಾಗುತ್ತದೆಯೋ? ಸುಳ್ಳಾಗುವುದಾದರೆ ಅದು ಸ್ಲೈಡಿನಲ್ಲೇ, ಅದೇ ಅಳತೆಯ ಅಕ್ಷರದಲ್ಲೇ ಇರಬೇಕು. ಸಂಕ್ಷಿಪ್ತವಾಗುವುದಾದರೆ ಕ್ಯಾಪ್ಷನ್‌ಗೆ ಹೋಗಬಹುದು. ಅಂಕಿಯನ್ನು ದೊಡ್ಡದಾಗಿಯೂ ಷರತ್ತನ್ನು ನಕ್ಷತ್ರಚಿಹ್ನೆ ಹಾಕಿ ಮೂಲೆಯಲ್ಲಿ ಚಿಕ್ಕದಾಗಿಯೂ ಬರೆಯುವುದು ಜಾಹೀರಾತಿನವರ ಪದ್ಧತಿ, ನಮಗೆ ಸಲ್ಲದು.

ತಿದ್ದಿದ ಸರಣಿಯ ಮೂರನೇ ಸ್ಲೈಡ್ ಹೀಗಿದೆ: ‘ಮೃತನಿಗೆ ಮಕ್ಕಳಿದ್ದರೆ ಪತ್ನಿಗೆ 1/8. ಮೃತನಿಗೆ ಮಕ್ಕಳಿಲ್ಲದಿದ್ದರೆ ಪತ್ನಿಗೆ 1/4. ಎರಡೂ ಸಾಲ ಮತ್ತು ಮಹ್ರ್ ತೀರಿಸಿ, ವಸಿಯ್ಯತ್ ಈಡೇರಿಸಿದ ಬಳಿಕ. (ಕುರ್‌ಆನ್ 4:12)’. ‘ಮೃತನಿಗೆ’ ಎಂಬ ಪದದ ಮೇಲೆ ನಾವು ಒಂದು ಸಂಜೆಯನ್ನೇ ವ್ಯಯಿಸಿದೆವು. ಮೊದಲ ಕರಡಿನಲ್ಲಿ ‘ಆಕೆಗೆ ಮಕ್ಕಳಿದ್ದರೆ’ ಎಂದಿತ್ತು. ಆದರೆ ಪತಿಗೆ ಇನ್ನೊಂದು ವಿವಾಹದಿಂದ ಮಗುವಿದ್ದರೂ ಪಾಲು ಎಂಟನೇ ಒಂದಕ್ಕೆ ಇಳಿಯುತ್ತದೆ. ಒಂದು ಪದ ಬದಲಿಸಿದ್ದರಿಂದ ಕ್ಯಾಪ್ಷನ್‌ನಲ್ಲಿ ಎರಡು ವಾಕ್ಯಗಳ ವಿವರಣೆ ಉಳಿಯಿತು. ಮಗನ ಮಕ್ಕಳೂ ಈ ಲೆಕ್ಕಕ್ಕೆ ಬರುತ್ತಾರೆ, ಪತ್ನಿಯರು ಒಬ್ಬರಿಗಿಂತ ಹೆಚ್ಚಿದ್ದರೆ ಅದೇ ಪಾಲನ್ನು ಹಂಚಿಕೊಳ್ಳುತ್ತಾರೆ ಎಂಬಂಥ ವಿರಳ ಸಂದರ್ಭಗಳನ್ನು ಕ್ಯಾಪ್ಷನ್‌ನಲ್ಲಿಟ್ಟೆವು. ಕಟ್ಟುನಿಟ್ಟಾಗಿ ನೋಡಿದರೆ ಮಗನ ಮಕ್ಕಳ ವಿಷಯವೂ ಸ್ಲೈಡಿನಲ್ಲೇ ಇರಬೇಕಿತ್ತೆಂದು ಒಬ್ಬ ಗೆಳೆಯ ವಾದಿಸಿದ. ಅವನ ವಾದವನ್ನು ನಾನು ಪೂರ್ತಿ ಅಲ್ಲಗಳೆಯಲಾರೆ.

ಎರಡನೇ ಸ್ಲೈಡಿನ ಕುರಿತು ವಿಶೇಷವಾಗಿ ಹೇಳಬೇಕು. ಒಬ್ಬನು ಮೊದಲ ಸ್ಲೈಡನ್ನು ನೋಡಿ, ಸರಿಸದೆ ಮುಂದೆ ಹೋದರೆ, ಇನ್‌ಸ್ಟಾಗ್ರಾಮ್ ಅದೇ ಪೋಸ್ಟನ್ನು ಮತ್ತೊಮ್ಮೆ ಅವನ ಮುಂದೆ ತಂದು ಈ ಬಾರಿ ಎರಡನೆಯದರಿಂದಲೇ ತೋರಿಸುವುದುಂಟು. ಆದ್ದರಿಂದ ಮೊದಲ ಸ್ಲೈಡಿನಲ್ಲಿ ಪ್ರಶ್ನೆ, ಎರಡನೆಯದರಲ್ಲಿ ‘ಅದಕ್ಕೆ ಕಾರಣ ಇಷ್ಟೇ’ ಎಂದು ಆರಂಭಿಸಿದರೆ, ಆ ಓದುಗನಿಗೆ ಯಾವುದಕ್ಕೆ ಎಂದೇ ತಿಳಿಯದು. ನಮ್ಮ ಹೊಸ ಎರಡನೇ ಸ್ಲೈಡ್ ತಾನೇ ಪೂರ್ಣವಾಗಿದೆ: ಸೊತ್ತು ಹಂಚುವ ಮುನ್ನ ದಫನದ ಖರ್ಚು, ಬಳಿಕ ಸಾಲ ಮತ್ತು ಮಹ್ರ್, ಬಳಿಕ ಮೂರನೇ ಒಂದರ ಮಿತಿಯೊಳಗಿನ ವಸಿಯ್ಯತ್, ಅನಂತರವೇ ಪಾಲು. ನಾಲ್ಕನೆಯದರಲ್ಲಿ ಮಗಳ ಮೂರು ಸ್ಥಿತಿಗಳು: ಮಗನಿದ್ದರೆ ಅವನ ಪಾಲಿನ ಅರ್ಧ, ಮಗನಿಲ್ಲದೆ ಒಬ್ಬಳೇ ಇದ್ದರೆ ಸೊತ್ತಿನ ಅರ್ಧ, ಇಬ್ಬರು ಅಥವಾ ಹೆಚ್ಚಿದ್ದರೆ ಎಲ್ಲರಿಗೂ ಸೇರಿ ಮೂರನೇ ಎರಡು. ಮೊದಲ ಸ್ಥಿತಿಯನ್ನು ಮಾತ್ರ ಕತ್ತರಿಸಿ ಗೇಲಿ ಮಾಡುವವರು ಹೊರಗಿದ್ದಾರೆ, ಅದನ್ನು ಮಾತ್ರ ನೆನಪಿಟ್ಟುಕೊಳ್ಳುವ ಸಹೋದರರು ಒಳಗಿದ್ದಾರೆ. ಮೂರೂ ಒಂದೇ ಚಿತ್ರದಲ್ಲಿದ್ದರೆ ಇಬ್ಬರಿಗೂ ಕತ್ತರಿಸುವುದು ಕಷ್ಟ. ಐದನೆಯದು ಉದಾಹರಣೆ: ಇಪ್ಪತ್ತನಾಲ್ಕು ಲಕ್ಷದ ಸೊತ್ತು, ಪತ್ನಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ಪತ್ನಿಗೆ ಮೂರು ಲಕ್ಷ, ಮಗನಿಗೆ ಹತ್ತೂವರೆ ಲಕ್ಷ, ಹೆಣ್ಣುಮಕ್ಕಳಿಗೆ ತಲಾ ಐದೂಕಾಲು ಲಕ್ಷ. ಆರನೆಯದು, ಪಾಲು ಎಷ್ಟೆಂದು ತಿಳಿಯುವ ಮುನ್ನ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಡಿ ಎಂಬ ಎಚ್ಚರಿಕೆ. ಏಳನೆಯದು, ಯಾರನ್ನು ಕೇಳಬೇಕೆಂಬ ಸೂಚನೆ.

ಹಾಗಾದರೆ ಎಲ್ಲವನ್ನೂ ಸ್ಲೈಡಿಗೇ ತುಂಬಬಾರದೇಕೆ ಎಂದು ನೀವು ಕೇಳಬಹುದು. ತುಂಬಿ ನೋಡಿದ್ದೇವೆ. ಎಂಬತ್ತು ಪದಗಳ ಸ್ಲೈಡನ್ನು ನನ್ನ ತಾಯಿ ಕನ್ನಡಕ ಹಾಕಿಯೂ ಓದಲಾರದೆ ಬದಿಗಿಟ್ಟರು. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಇಂಗ್ಲಿಷ್‌ಗಿಂತ ಹೆಚ್ಚು ಅಂತರ ಬೇಕು. ನಮ್ಮ ಅನುಭವದಲ್ಲಿ ಒಂದು ಸ್ಲೈಡಿಗೆ ಮೂವತ್ತು ಪದ ಮೀರಿದರೆ ಹಿರಿಯರು ಓದುವುದಿಲ್ಲ. ಇತ್ತ ಕ್ಯಾಪ್ಷನ್‌ಗೂ ಮಿತಿಯಿದೆ, 2,200 ಚಿಹ್ನೆಗಳು. ಅದು ಧಾರಾಳವೆನಿಸುತ್ತದೆ, ಆದರೆ ‘ಸ್ತ್ರೀ’ ಎಂದು ನಾವು ಒಂದೇ ಅಕ್ಷರವಾಗಿ ಬರೆಯುವುದು ಕಂಪ್ಯೂಟರಿನ ಲೆಕ್ಕದಲ್ಲಿ ಆರು ಚಿಹ್ನೆ. ಕನ್ನಡದಲ್ಲಿ ಇನ್ನೂರರ ಆಸುಪಾಸಿನ ಪದಗಳಿಗೆ ಆ ಜಾಗ ಮುಗಿಯುತ್ತದೆ.

ಕ್ಯಾಪ್ಷನ್‌ಗೆ ಸ್ಲೈಡಿಗಿಲ್ಲದ ಒಂದು ಗುಣವಿದೆ. ಪ್ರಕಟಿಸಿದ ಮೇಲೂ ಅದನ್ನು ತಿದ್ದಬಹುದು. ಸ್ಲೈಡನ್ನು ತಿದ್ದಿ ಅದೇ ಜಾಗದಲ್ಲಿ ಇಡಲಾಗುವುದಿಲ್ಲ. ಸರಣಿಯಿಂದ ಅಳಿಸಬಹುದು ಅಷ್ಟೇ. ನಾವು ಆ ನಾಲ್ಕನೆಯದನ್ನು ಅಳಿಸಿದೆವು, ಆದರೆ ಅದಾಗಲೇ ಗುಂಪುಗಳಿಗೆ ಹೋಗಿದ್ದ ಪ್ರತಿಗಳು ಮರಳಿ ಬರಲಿಲ್ಲ. ಆದ್ದರಿಂದ ಬದಲಾಗಬಹುದಾದ ವಿವರಗಳು, ಅಂದರೆ ಸಂಪರ್ಕ ಸಂಖ್ಯೆ, ಸಲಹಾ ಶಿಬಿರದ ಸ್ಥಳ ಮುಂತಾದವು ಕ್ಯಾಪ್ಷನ್‌ನಲ್ಲಿರಲಿ. ವಿದ್ಯಾರ್ಥಿವೇತನದ ಕೊನೆಯ ದಿನಾಂಕದಂತಹ ವಿಷಯದಲ್ಲಿ ಮಾತ್ರ ಎರಡೂ ಕಡೆ ತೊಂದರೆಯಿದೆ. ಸ್ಲೈಡಿನಲ್ಲಿಲ್ಲದಿದ್ದರೆ ಯಾರಿಗೂ ತಲಪದು, ಇದ್ದರೆ ಅವಧಿ ವಿಸ್ತರಣೆಯಾದಾಗ ಹಳೆಯದೇ ಓಡಾಡುತ್ತಿರುತ್ತದೆ. ನಾವು ಸ್ಲೈಡಿನಲ್ಲಿ ದಿನಾಂಕದ ಕೆಳಗೆ ಆ ಮಾಹಿತಿ ಯಾವ ದಿನದ್ದೆಂದು ಬರೆಯುತ್ತೇವೆ. 1937ರ ಶರೀಅತ್ ಕಾಯ್ದೆಯ 2ನೇ ಕಲಮು ಕೃಷಿಭೂಮಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ, ಆದ್ದರಿಂದ ಹೊಲ ತೋಟವಿರುವವರು ವಕೀಲರನ್ನು ಕಾಣಬೇಕು ಎಂಬ ಮಾತನ್ನೂ ಕ್ಯಾಪ್ಷನ್‌ನಲ್ಲಿ ಇಟ್ಟು, ಏಳನೇ ಸ್ಲೈಡಿನಲ್ಲಿ ಅದರ ಒಂದು ಸಾಲನ್ನು ಉಳಿಸಿಕೊಂಡೆವು. ಹದೀಸ್ ಉಲ್ಲೇಖಿಸುವುದಾದರೆ ಅದರ ಗ್ರಂಥದ ಹೆಸರು ಮತ್ತು ಸಂಖ್ಯೆ ಸ್ಲೈಡಿನಲ್ಲೇ ಇರಬೇಕು. ಇದರಲ್ಲಿ ಚರ್ಚೆಗೆ ಅವಕಾಶವೇ ಇಲ್ಲ.

ಪರೀಕ್ಷೆ ಮಾಡುವ ಕ್ರಮವೂ ಸರಳ. ಪ್ರಕಟಿಸುವ ಮುನ್ನ ಪ್ರತಿಯೊಂದು ಸ್ಲೈಡನ್ನು ಬಿಡಿಬಿಡಿಯಾಗಿ, ಕ್ರಮ ತಪ್ಪಿಸಿ, ಕ್ಯಾಪ್ಷನ್ ಇಲ್ಲದೆ, ವಿಷಯ ಗೊತ್ತಿಲ್ಲದ ಒಬ್ಬರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ, ಇದರಿಂದ ನಿಮಗೆ ಏನು ತಿಳಿಯಿತು ಎಂದು ಕೇಳಿ. ‘ಅರ್ಥವಾಯಿತೇ’ ಎಂದು ಕೇಳಬೇಡಿ, ಎಲ್ಲರೂ ಹೌದೆನ್ನುತ್ತಾರೆ. ನಮ್ಮ ನೆರೆಯ ಸಹೋದರಿಯೊಬ್ಬರು ಹೊಸ ಮೂರನೇ ಸ್ಲೈಡನ್ನು ಓದಿ, ‘ನನ್ನ ಮಹ್ರ್ ಕೂಡ ಸಾಲವೇ?’ ಎಂದು ಕೇಳಿದರು. ಆ ಸ್ಲೈಡ್ ಹೊರಡಲು ಸಿದ್ಧವಾಗಿದೆಯೆಂದು ನಮಗೆ ಆಗಲೇ ತಿಳಿಯಿತು. ದೃಷ್ಟಿಯಿಲ್ಲದವರ ಮೊಬೈಲ್ ಚಿತ್ರದೊಳಗಿನ ಬರಹವನ್ನು ಸರಿಯಾಗಿ ಓದಿ ಹೇಳುತ್ತದೆಂಬ ಭರವಸೆಯಿಲ್ಲ. ಅವರಿಗಾಗಿ ಪ್ರತಿ ಸ್ಲೈಡಿಗೂ ಪರ್ಯಾಯ ಪಠ್ಯ ತುಂಬಲು ಅವಕಾಶವಿದೆ, ಅಲ್ಲಿ ಸ್ಲೈಡಿನ ಮಾತನ್ನೇ ಬರೆಯಿರಿ.

ಆ ವಿಧವೆಗೆ ತಿದ್ದಿದ ಸ್ಲೈಡನ್ನೂ ಲೆಕ್ಕವನ್ನೂ ಕಳುಹಿಸಿದೆ. ಅದನ್ನು ಅವರು ಅದೇ ಕುಟುಂಬದ ಗುಂಪಿಗೆ ಹಾಕಿದರು, ಖತೀಬರೂ ಮಾತನಾಡಿದರು, ಮೈದುನರು ಒಪ್ಪಿದರು. ಇತ್ತೀಚೆಗೆ ಮತ್ತೊಬ್ಬರು ಕರೆ ಮಾಡಿ, ತಮ್ಮ ಮನೆಯಲ್ಲೂ ಪತ್ನಿಗೆ ಮೂರು ಲಕ್ಷವೇ ತಾನೇ ಎಂದು ವಿಚಾರಿಸಿದರು. ಈ ಬಾರಿ ಓಡಾಡುತ್ತಿರುವುದು ನಮ್ಮ ಐದನೇ ಸ್ಲೈಡ್. ‘ಇದು ಒಂದು ಕುಟುಂಬದ ಲೆಕ್ಕ ಮಾತ್ರ’ ಎಂಬ ಸಾಲನ್ನು ನಾವು ಕ್ಯಾಪ್ಷನ್‌ನಲ್ಲಿ ಇಟ್ಟಿದ್ದೆವು.