ಕ್ಯಾಬಿನ ಒಂದು ಗುಂಡಿ, ಸಂಜೆಯ ತಲೆನೋವು



ಮಹಿಳಾ ವೇದಿಕೆಯ ಈ ತಿಂಗಳ ಸಭೆಯಲ್ಲಿ ಪ್ರಯಾಣ ಮತ್ತು ತಲೆನೋವಿನ ಬಗ್ಗೆ ಮಾತನಾಡಲು ನನಗೆ ಹೇಳಿದ್ದಾರೆ. ನಾನು ವೈದ್ಯೆಯಲ್ಲ, ಎಂ.ಟೆಕ್ ಓದಿ ಐಟಿಯಲ್ಲಿ ಕೆಲಸ ಮಾಡುವವಳು. ಹಾಗಾಗಿ ಔಷಧಿಯ ಮಾತು ನನ್ನದಲ್ಲ. ನಮ್ಮ ಮೂಗಿನ ಮುಂದೆ ಯಾವ ಗಾಳಿ ಇರುತ್ತದೆ, ಅದನ್ನು ಹೇಗೆ ಬದಲಾಯಿಸಬಹುದು ಎಂಬಷ್ಟನ್ನೇ ಹೇಳುತ್ತೇನೆ.

ನಮ್ಮ ವೇದಿಕೆಯ ಅಕ್ಕ ಒಬ್ಬರು ಕೋಥ್ರೂಡ್‌ನಿಂದ ಹಿಂಜವಡಿಗೆ ಓಡಾಡುತ್ತಾರೆ. ವಾರದಲ್ಲಿ ನಾಲ್ಕು ದಿನ ಕ್ಯಾಬ್, ಒಂದು ದಿನ ಸ್ಕೂಟರ್. ಅವರು ಧಾರವಾಡದ ಕಡೆಯವರು. "ಮನಿ ಮುಟ್ಟೂದ್ರಾಗ ತಲಿ ಜಡ್ಡ ಆಗಿರ್ತದ ನೋಡವಾ, ಹೊಗಿ ಅಂತೂ ಒಳಗ ಬರಂಗಿಲ್ಲ, ಕಾಚ್ ಎಲ್ಲಾ ಮುಚ್ಚೇ ಇರ್ತದ" ಎಂದು ನನ್ನ ಹತ್ತಿರ ಹೇಳಿದರು. ಸ್ಕೂಟರಿನ ದಿನವೂ ನೋವು ಬರುತ್ತಿತ್ತು, ಆದರೆ ಅದು ಬೇರೆ ಥರ. ಕಣ್ಣು ಉರಿ, ಮೂಗು ಕಟ್ಟಿದ ಹಾಗೆ, ಆಮೇಲೆ ಹಣೆಯ ಎರಡೂ ಪಕ್ಕ ಸಿಡಿತ. ಕ್ಯಾಬಿನ ನೋವಿನಲ್ಲಿ ಉರಿ ಇಲ್ಲ. ಮಂಪರು, ತಲೆ ಭಾರ, ಆಕಳಿಕೆ. ಎರಡೂ ಒಂದೇ ರಸ್ತೆಯ ಪ್ರಯಾಣವೇ, ಆದರೆ ಕಾರಣ ಬೇರೆ, ಉಪಾಯ ಒಂದಕ್ಕೊಂದು ವಿರುದ್ಧ.

ಮೊದಲು ಹೊಗೆಯಿಂದ ತಲೆ ಏಕೆ ನೋಯುತ್ತದೆ ಎಂಬುದು. ಮುಖ, ಕಣ್ಣು, ಮೂಗಿನ ಒಳಪದರ ಇವುಗಳ ಉರಿಯನ್ನು ಮೆದುಳಿಗೆ ಒಯ್ಯುವುದು ಟ್ರೈಜೆಮಿನಲ್ ಎಂಬ ನರ. ಮೆದುಳಿನ ಸುತ್ತಲಿನ ಪೊರೆಯ ನೋವನ್ನು ಒಯ್ಯುವುದೂ ಬಹುಮಟ್ಟಿಗೆ ಅದೇ ನರ. ಡೀಸೆಲ್ ಹೊಗೆಯ ನೈಟ್ರೋಜನ್ ಡೈಆಕ್ಸೈಡ್, ಮಸಿಯ ಕಣ, ರಸ್ತೆಯ ದೂಳು ಮೂಗನ್ನು ಕೆರಳಿಸಿದಾಗ ಅದು ತಲೆನೋವಾಗಿ ಬರಬಹುದು, ಮೈಗ್ರೇನ್ ಇದ್ದವರಿಗೆ ಇನ್ನೂ ಬೇಗ. ಗಾಟು ವಾಸನೆ ಒಂದೇ ಸಾಕು ಎನ್ನುವವರೂ ಇದ್ದಾರೆ. ಆ ಲೆಕ್ಕದಲ್ಲಿ ಕ್ಯಾಬಿನ ಕನ್ನಡಿಗೆ ತೂಗುಹಾಕುವ ಸುಗಂಧದ ಡಬ್ಬಿಯೂ ಹೊಗೆಯಷ್ಟೇ ಅಪರಾಧಿ. ಅದನ್ನು ಡಿಕ್ಕಿಯಲ್ಲಿಡಿ ಎಂದು ಚಾಲಕರಿಗೆ ಹೇಳಲು ಸಂಕೋಚ ಬೇಡ.

ಈಗ ಕ್ಯಾಬಿಗೆ ಬರೋಣ. ಎಸಿಯ ಫಲಕದಲ್ಲಿ ಕಾರಿನ ಚಿತ್ರ, ಅದರೊಳಗೆ ಬಾಗಿದ ಬಾಣ ಇರುವ ಒಂದು ಗುಂಡಿ ಇರುತ್ತದೆ. ಹಳೆಯ ಗಾಡಿಗಳಲ್ಲಿ ಪಕ್ಕಕ್ಕೆ ಎಳೆಯುವ ಹಿಡಿ. ಅದನ್ನು ಒತ್ತಿದರೆ ಎಸಿ ಹೊರಗಿನ ಗಾಳಿ ತೆಗೆದುಕೊಳ್ಳುವುದಿಲ್ಲ, ಒಳಗಿನದನ್ನೇ ತಿರುಗಿಸುತ್ತದೆ. ಒತ್ತದಿದ್ದರೆ ಮುಂಗಾಜಿನ ಬುಡದಿಂದ ಗಾಳಿ ಒಳಬರುತ್ತದೆ, ಅಂದರೆ ಮುಂದಿನ ಗಾಡಿ ಹೊಗೆ ಬಿಡುವ ಜಾಗದ ಹತ್ತಿರದಿಂದಲೇ. ಆದ್ದರಿಂದ ಹೊಗೆಯ ಮಟ್ಟಿಗೆ ಗುಂಡಿ ಒತ್ತುವುದು ಸರಿ. ಒಳಗಿನ ಗಾಳಿ ಫಿಲ್ಟರ್ ಮೂಲಕ ಮತ್ತೆ ಮತ್ತೆ ಹಾಯುವುದರಿಂದ ಕಣಗಳೂ ಕಡಿಮೆಯಾಗುತ್ತವೆ. ತಣ್ಣಗೂ ಬೇಗ ಆಗುತ್ತದೆ, ಹಾಗಾಗಿ ಚಾಲಕರು ಅದನ್ನು ಒತ್ತಿದವರು ದಿನವಿಡೀ ತೆಗೆಯುವುದಿಲ್ಲ.

ತೊಂದರೆ ಇರುವುದು ನಮ್ಮ ಉಸಿರಿನಲ್ಲಿ. ಒಂದು ಸಣ್ಣ ಲೆಕ್ಕ ಮಾಡೋಣ, ಬೇಸರ ಪಡಬೇಡಿ. ಸುಮ್ಮನೆ ಕುಳಿತ ಒಬ್ಬರು ಗಂಟೆಗೆ ಸುಮಾರು 18 ಲೀಟರ್ ಕಾರ್ಬನ್ ಡೈಆಕ್ಸೈಡ್ ಬಿಡುತ್ತಾರೆ. ಚಾಲಕರೂ ಸೇರಿ ನಾಲ್ವರು ಎಂದರೆ 72 ಲೀಟರ್, ಹತ್ತು ನಿಮಿಷಕ್ಕೆ 12. ಸಣ್ಣ ಕಾರಿನೊಳಗೆ ಹಿಡಿಯುವ ಗಾಳಿ ಸುಮಾರು 3000 ಲೀಟರ್. 12ನ್ನು 3000ದಿಂದ ಭಾಗಿಸಿದರೆ ಹತ್ತು ಲಕ್ಷಕ್ಕೆ 4000 ಭಾಗ, ಅಂದರೆ 4000 ಪಿಪಿಎಂ. ಹೊರಗಿನ ಗಾಳಿಯಲ್ಲಿ ಇರುವುದು 420ರ ಆಸುಪಾಸು. ಕಾರು ಪೂರ್ತಿ ಬಿಗಿಯಾದ ಡಬ್ಬಿಯಲ್ಲ, ಸಂದುಗಳಲ್ಲಿ ಗಾಳಿ ಸೋರುತ್ತದೆ, ಆದ್ದರಿಂದ ನಿಜವಾದ ಏರಿಕೆ ಇಷ್ಟಿರುವುದಿಲ್ಲ. ಆದರೂ ಕಾರ್ಬನ್ ಡೈಆಕ್ಸೈಡ್ ಅಳೆಯುವ ಪುಟ್ಟ ಮೀಟರನ್ನು ತೊಡೆಯ ಮೇಲಿಟ್ಟುಕೊಂಡು ನಾನು ಅಕ್ಕನ ಜೊತೆ ಹೋದ ಸಂಜೆ, ಹಿಂಜವಡಿಯಿಂದ ಹೊರಟು ಭೂಮ್‌ಕರ್ ಚೌಕ ಮುಟ್ಟುವ ಮೊದಲೇ ಅದು 2500 ದಾಟಿತ್ತು. ಸಾಮಾನ್ಯವಾಗಿ 1000 ದಾಟಿದ ಕೋಣೆ ಉಸಿರುಗಟ್ಟಿದ ಹಾಗೆ ಅನಿಸುತ್ತದೆ. ಎಂಟು ಗಂಟೆ ಕೆಲಸ ಮಾಡುವ ಜಾಗಕ್ಕೆ ಹಾಕಿಕೊಂಡ ಮಿತಿ 5000. ವಿಷವೇನಲ್ಲ, ಆದರೆ ಮಂಪರು, ತಲೆಭಾರಕ್ಕೆ ಸಾಕು. ಹೊಗೆಯನ್ನು ಹೊರಗಿಟ್ಟು ನಾವೇ ನಮ್ಮ ಗಾಳಿ ಕೆಡಿಸಿಕೊಂಡಂತೆ.

ಹಾಗಾದರೆ ಗುಂಡಿ ಒತ್ತಬೇಕೇ, ಬಿಡಬೇಕೇ? ಎರಡೂ, ಜಾಗ ನೋಡಿಕೊಂಡು. ಅಕ್ಕನ ದಾರಿಯನ್ನೇ ತೆಗೆದುಕೊಳ್ಳಿ. ಹಿಂಜವಡಿಯಿಂದ ಭೂಮ್‌ಕರ್ ಚೌಕದ ಅಂಡರ್‌ಪಾಸ್ ದಾಟುವವರೆಗೆ ಗಾಡಿಗೆ ಗಾಡಿ ಅಂಟಿಕೊಂಡಿರುತ್ತದೆ. ಅಲ್ಲಿ ಗುಂಡಿ ಒತ್ತಿಯೇ ಇರಲಿ. ಬೈಪಾಸ್ ಹತ್ತಿ ಬಾಲೇವಾಡಿ ದಾಟಿದ ಮೇಲೆ ಗಾಡಿ ಓಡತೊಡಗುತ್ತದೆ, ಮುಂದಿನ ಗಾಡಿ ದೂರವಿರುತ್ತದೆ. ಮುಂದೆ ಲಾರಿ ಇಲ್ಲದ ಹೊತ್ತು ನೋಡಿ ಗುಂಡಿ ತೆಗೆದು, ಫ್ಯಾನನ್ನು ನಡುವಿನ ವೇಗಕ್ಕಿಟ್ಟು ಎರಡು ಮೂರು ನಿಮಿಷ ಬಿಡಿ. ಕಾರಿನ ಗಾಳಿ ಬಹುಪಾಲು ಬದಲಾಗಲು ಅಷ್ಟು ಸಾಕು. ಮತ್ತೆ ಸೂಸ್ ಮತ್ತು ಬಾವಧನ್ ನಡುವೆ ಇನ್ನೊಮ್ಮೆ. ಚಾಂದನಿ ಚೌಕ ಹತ್ತಿರವಾದಾಗ ಮತ್ತೆ ಒತ್ತಿ. ಜಾಮ್‌ನಲ್ಲೇ ಸಿಕ್ಕಿಕೊಂಡು ಹದಿನೈದು ನಿಮಿಷವಾಯಿತೇ, ಬಸ್ಸು ಲಾರಿ ಪಕ್ಕದಲ್ಲಿಲ್ಲದಾಗ ಒಂದು ನಿಮಿಷ ತೆಗೆಯಿರಿ. ಕಿಟಕಿ ಇಳಿಸುವುದಕ್ಕಿಂತ ಇದು ಒಳ್ಳೆಯದು, ಏಕೆಂದರೆ ಗಾಳಿ ಫಿಲ್ಟರ್ ಮೂಲಕ ಬರುತ್ತದೆ.

ಆ ಫಿಲ್ಟರ್ ಹೆಚ್ಚಿನ ಕಾರುಗಳಲ್ಲಿ ಮುಂದಿನ ಸೀಟಿನೆದುರಿನ ಗ್ಲೋವ್ ಬಾಕ್ಸಿನ ಹಿಂದೆ ಇರುತ್ತದೆ. ಸ್ವಂತ ಕಾರಿದ್ದವರು ಬಾಕ್ಸ್ ಬಿಚ್ಚಿ ಒಮ್ಮೆ ನೋಡಿ. ಬೂದು ಬಣ್ಣದ ಹಾಸು, ಒಣ ಎಲೆ, ಕೂದಲು ಕಂಡರೆ ಬದಲಾಯಿಸುವ ಕಾಲ ಎಂದೋ ಮುಗಿದಿದೆ. ಇದ್ದಿಲು ಸೇರಿಸಿದ ಫಿಲ್ಟರ್ ಸ್ವಲ್ಪ ಮಟ್ಟಿಗೆ ವಾಸನೆಯನ್ನೂ ನೈಟ್ರೋಜನ್ ಡೈಆಕ್ಸೈಡನ್ನೂ ಹಿಡಿಯುತ್ತದೆ. ಕಾರ್ಬನ್ ಮೊನಾಕ್ಸೈಡನ್ನು ಯಾವುದೂ ಹಿಡಿಯುವುದಿಲ್ಲ.

ಆ ಅನಿಲದ ಬಗ್ಗೆ ಒಂದು ಮಾತು ಬಿಡದೆ ಹೇಳಬೇಕು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಬಲವಾಗಿ ಅಂಟಿಕೊಳ್ಳುತ್ತದೆ. ಒಳ್ಳೆಯ ಗಾಳಿಗೆ ಬಂದ ಮೇಲೂ ಅರ್ಧ ಬಿಟ್ಟುಹೋಗಲು ನಾಲ್ಕೈದು ಗಂಟೆ ಬೇಕು. ತೆರೆದ ರಸ್ತೆಯಲ್ಲಿ ಅದು ಅಪಾಯದ ಮಟ್ಟಕ್ಕೆ ಏರುವುದು ಅಪರೂಪ, ಆದರೆ ಗಾಡಿಯ ಸ್ವಂತ ಹೊಗೆಕೊಳವೆ ತೂತಾಗಿ ಒಳಗೆ ಸೋರಿದರೆ ಬೇರೆ ಮಾತು. ಗುರುತು ಹೀಗೆ: ಒಂದೇ ಗಾಡಿಯಲ್ಲಿರುವ ಇಬ್ಬರು ಮೂವರಿಗೆ ಒಟ್ಟಿಗೆ ತಲೆನೋವು, ವಾಕರಿಕೆ, ತಲೆಸುತ್ತು. ಆಗ ಗುಂಡಿಯ ಲೆಕ್ಕ ಬೇಡ. ಕಿಟಕಿಗಳನ್ನೆಲ್ಲ ಇಳಿಸಿ, ಗಾಡಿ ನಿಲ್ಲಿಸಿ, ಹೊರಗೆ ಬನ್ನಿ, ಆಸ್ಪತ್ರೆಗೆ ಬೇರೆ ಗಾಡಿಯಲ್ಲಿ ಹೋಗಿ. ನಿಂತ ಕಾರಿನಲ್ಲಿ ಎಂಜಿನ್, ಎಸಿ ಹಾಕಿಕೊಂಡು ನಿದ್ದೆ ಮಾಡುವುದು ಬೇಡವೆನ್ನುವುದೂ ಇದಕ್ಕೇ.

ಸ್ಕೂಟರಿನ ದಿನದ ಕಥೆ ಬೇರೆ. ಪುಣೆಯ ಹುಡುಗಿಯರ ಮುಖಕ್ಕೆ ಸುತ್ತಿದ ಸ್ಕಾರ್ಫ್ ಊರಿನ ಗುರುತೇ ಆಗಿಬಿಟ್ಟಿದೆ, ಬಂದ ಆರು ತಿಂಗಳಲ್ಲಿ ನಾವೂ ಕಲಿಯುತ್ತೇವೆ. ಬಿಸಿಲು ತಡೆಯುತ್ತದೆ, ಮೆಟ್ರೋ ಕಾಮಗಾರಿಯ ದಪ್ಪ ದೂಳನ್ನೂ ಒಂದಷ್ಟು ತಡೆಯುತ್ತದೆ. ಆದರೆ ಹೊಗೆಯ ಸೂಕ್ಷ್ಮ ಕಣ, ಪಿಎಂ 2.5 ಎನ್ನುವುದು, ಕೂದಲಿನ ದಪ್ಪದ ಇಪ್ಪತ್ತನೇ ಒಂದು ಪಾಲಿಗಿಂತಲೂ ಚಿಕ್ಕದು. ಅದಕ್ಕೆ ಹತ್ತಿಯ ಬಟ್ಟೆ ಬಾಗಿಲು ತೆರೆದ ಮನೆ ಇದ್ದ ಹಾಗೆ. ಎನ್-95 ಮಾಸ್ಕ್ ಕಣಗಳನ್ನು ತಡೆಯುತ್ತದೆ, ಅದೂ ಮುಖಕ್ಕೆ ಸುತ್ತಲೂ ಅಂಟಿದ್ದರೆ. ಕನ್ನಡಕ ಮಂಜಾದರೆ ಮೂಗಿನ ಹತ್ತಿರ ಸೋರುತ್ತಿದೆ ಎಂದೇ ಅರ್ಥ. ಅದು ಅನಿಲಗಳನ್ನು ತಡೆಯುವುದಿಲ್ಲ, ಆದ್ದರಿಂದ ಮಾಸ್ಕ್ ಹಾಕಿದೆ ಎಂದು ಬಸ್ಸಿನ ಹೊಗೆಕೊಳವೆಯ ಹಿಂದೆ ನಿಲ್ಲಬೇಡಿ. ಹೊಗೆ ಕೊಳವೆಯಿಂದ ದೂರ ಹೋದಂತೆ ಬೇಗ ತೆಳುವಾಗುತ್ತದೆ, ಸಿಗ್ನಲ್‌ನಲ್ಲಿ ನಾಲ್ಕು ಮೀಟರ್ ಹಿಂದೆ ನಿಂತರೂ ಪಕ್ಕಕ್ಕೆ ಸರಿದರೂ ವ್ಯತ್ಯಾಸ ಉಂಟು. ಮುಖ್ಯ ರಸ್ತೆಗೆ ಸಮನಾಗಿ ಒಳರಸ್ತೆ ಇದ್ದರೆ ಐದು ನಿಮಿಷ ಹೆಚ್ಚಾದರೂ ಅದೇ ವಾಸಿ. ಮನೆಗೆ ಬಂದು ಹಣೆಯ ಮೇಲೆ ಹೆಲ್ಮೆಟ್ಟಿನ ಗೆರೆ ಅರ್ಧ ಗಂಟೆ ಉಳಿಯುತ್ತಿದ್ದರೆ ಮಾತ್ರ ಹೊಗೆಯನ್ನು ಬೈಯುವ ಮೊದಲು ಹೆಲ್ಮೆಟ್ಟಿನ ಅಳತೆ ನೋಡಿ. ಬಿಗಿಯೂ ತಲೆನೋವೇ.

ಮೊಬೈಲಿನಲ್ಲಿ ವಾಯು ಗುಣಮಟ್ಟದ ಅಂಕಿ ನೋಡಿ ಹೊರಡುವವರಿದ್ದೀರಿ. ಪಾಷಾಣ್‌ನಲ್ಲಿರುವ ಉಷ್ಣವಲಯ ಹವಾಮಾನ ಸಂಸ್ಥೆಯವರ ಸಫರ್ ನಮ್ಮ ಊರಿಗೆ ಮುನ್ಸೂಚನೆಯನ್ನೂ ಕೊಡುತ್ತದೆ. ಆದರೆ ಆ ಅಂಕಿ ಹಲವು ಗಂಟೆಗಳ ಸರಾಸರಿ, ಇಡೀ ಬಡಾವಣೆಯದು. ಸಿಗ್ನಲ್‌ನಲ್ಲಿ ನಿಮ್ಮ ಮೂಗಿನ ಮುಂದಿನದಲ್ಲ. ದಿನ ಆರಿಸಲು ಅದು ಸಾಕು, ಜಾಗ ಆರಿಸಲು ಕಣ್ಣೇ ಬೇಕು. ಡಿಸೆಂಬರ್, ಜನವರಿಯ ಬೆಳಿಗ್ಗೆ ತಣ್ಣನೆಯ ಗಾಳಿ ನೆಲಕ್ಕೆ ಅಂಟಿಕೊಂಡು ಹೊಗೆಯನ್ನು ಮೇಲೇಳಗೊಡುವುದಿಲ್ಲ. ಆಗ ಎಂಟರ ಬದಲು ಹತ್ತೂವರೆಗೆ ಹೊರಡಲು ಸಾಧ್ಯವಾದರೆ ಬಿಸಿಲು ಅರ್ಧ ಕೆಲಸ ಮಾಡಿರುತ್ತದೆ. ಬೆಲ್ಲ ತಿಂದರೆ ದೂಳು ಹೋಗುತ್ತದೆ ಎಂದು ಕಳೆದ ಸಲ ಯಾರೋ ಹೇಳಿದಿರಿ. ಬೆಲ್ಲ ಹೋಗುವುದು ಹೊಟ್ಟೆಗೆ, ದೂಳು ಹೋಗುವುದು ಶ್ವಾಸಕೋಶಕ್ಕೆ. ಆದರೂ ಸಂಜೆ ಐದಕ್ಕೆ ಒಂದು ತುಂಡು ಬೆಲ್ಲ, ಶೇಂಗಾ ತಿನ್ನಿ, ಕಾರಣ ಬೇರೆ ಇದೆ.

ಅಕ್ಕ ಮೂರು ವಾರ ಒಂದು ನೋಟ್‌ಬುಕ್ ಬರೆದರು. ಯಾವ ಗಾಡಿ, ಎಷ್ಟು ಜನ, ಗುಂಡಿ ಹೇಗಿತ್ತು, ನೋವು ಎಷ್ಟಕ್ಕೆ ಶುರು, ಎಷ್ಟಕ್ಕೆ ಇಳಿಯಿತು, ಕೊನೆಗೆ ತಿಂದದ್ದು ಯಾವಾಗ. ಗುಂಡಿ ಸದಾ ಒತ್ತಿದ್ದ ಹನ್ನೆರಡು ಕ್ಯಾಬ್ ದಿನಗಳಲ್ಲಿ ಎಂಟು ದಿನ ನೋವು. ಮುಂದಿನ ಮೂರು ವಾರ ಮೇಲೆ ಹೇಳಿದ ಕ್ರಮ. ಹನ್ನೆರಡರಲ್ಲಿ ಮೂರು. ಆ ಮೂರರಲ್ಲಿ ಎರಡು ದಿನ ಮಧ್ಯಾಹ್ನದ ಊಟದ ಮೇಲೆ ಏನೂ ತಿಂದಿರಲಿಲ್ಲ. ಒಬ್ಬರ ಆರು ವಾರದಿಂದ ಏನನ್ನೂ ಸಾಧಿಸಿ ತೋರಿಸಲಾಗದು, ಅದು ನನಗೂ ಗೊತ್ತು. ಆದರೆ ಅವರಿಗೆ ತಮ್ಮ ತಲೆಯ ಬಗ್ಗೆ ಗೊತ್ತಾಯಿತು.

ನೀವೂ ಬರೆಯುವುದಾದರೆ ಒಂದು ಕಾಲಂ ಹೆಚ್ಚಿಗೆ ಹಾಕಿ: ಮಾತ್ರೆ ನುಂಗಿದ ದಿನ. ತಿಂಗಳಿಗೆ ಹದಿನೈದು ದಿನ ಅಥವಾ ಹೆಚ್ಚು ಸಾದಾ ನೋವಿನ ಮಾತ್ರೆ ತೆಗೆದುಕೊಂಡರೆ, ತಿಂಗಳುಗಳು ಕಳೆದಂತೆ ಆ ಮಾತ್ರೆಯೇ ತಲೆನೋವು ತರಬಲ್ಲದು. ರಜೆಯ ದಿನ, ಮನೆಯಲ್ಲಿ ಕುಳಿತಾಗಲೂ ನೋವು ಬರುತ್ತಿದ್ದರೆ ಅದು ರಸ್ತೆಯದಷ್ಟೇ ಅಲ್ಲ, ನೋಟ್‌ಬುಕ್ ಹಿಡಿದುಕೊಂಡೇ ವೈದ್ಯರ ಹತ್ತಿರ ಹೋಗಿ. ಹಿಂದೆಂದೂ ಇಲ್ಲದಂಥ ನೋವು ಒಮ್ಮೆಲೇ ಸಿಡಿದರೆ, ಮಾತು ತೊದಲಿದರೆ, ಒಂದು ಕಡೆ ಕೈಕಾಲು ಸೋತರೆ ನೋಟ್‌ಬುಕ್ಕಿಗೂ ಕಾಯಬೇಡಿ.

ಮೀಟರ್ ನನ್ನ ಚೀಲದಲ್ಲೇ ಇದೆ. ಒಂದು ವಾರಕ್ಕೆ ಬೇಕಾದವರು ಚಹಾದ ಹೊತ್ತಿಗೆ ಹೆಸರು ಬರೆಸಿ. ಮೊದಲ ವಾರ ಮಾತ್ರ ಅಕ್ಕನದು, ಅವರು ಆಗಲೇ ಕೇಳಿಟ್ಟಿದ್ದಾರೆ.